ಬಾಣಂತಿಯ ಮಣಿಕಟ್ಟನ್ನು ಯಾರೂ ನೋಡುವುದಿಲ್ಲ

ಈ ಸಲ ರಜೆಗೆ ಊರಿಗೆ ಬಂದಾಗ ಶಿರಸಿ ಹತ್ತಿರದ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ತಂಗಿ ಮೂರು ತಿಂಗಳ ಬಾಣಂತಿ, ಸಿಸೇರಿಯನ್ ಆಗಿತ್ತು. ತೊಟ್ಟಿಲಲ್ಲಿ ಮಗು ಅತ್ತಿತು. ಅವಳು ಬಗ್ಗಿ ಎತ್ತಿದಳು, ಎತ್ತಿದವಳೇ ಮುಖ ಕಿವುಚಿದಳು. ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಬಲಗೈ ಹೆಬ್ಬೆರಳ ಬುಡವನ್ನು ಎಡಗೈಯಲ್ಲಿ ಒತ್ತಿ ಹಿಡಿದಳು. ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದ ದೊಡ್ಡಮ್ಮ ತಲೆ ಎತ್ತದೇ ಹೇಳಿದರು: "ನಾವು ನಾಲ್ಕು ಹೆತ್ತವರು. ಮಗು ಎತ್ತಲಿಕ್ಕೂ ಕೈ ನೋವು ಅಂದ್ರೆ ಹೆಂಗೇ?"

ತಂಗಿ ಏನೂ ಹೇಳಲಿಲ್ಲ. ನನಗೆ ಮಾತ್ರ ಆ ಮಾತು ಚುಚ್ಚಿತು. ನಾನೂ ಜರ್ಮನಿಯಲ್ಲಿ ಸಿಸೇರಿಯನ್ ಮಾಡಿಸಿಕೊಂಡವಳು. ಅಲ್ಲಿ ಅದೇ ನೋವನ್ನು ನಾನು ಹೇಳಿದಾಗ ಮನೆಗೆ ಬರುವ ಸೂಲಗಿತ್ತಿ ಕೇಳಿದ್ದು ಒಂದೇ ಪ್ರಶ್ನೆ: "ಮಗುವನ್ನು ಹೇಗೆ ಎತ್ತುತ್ತೀಯಾ, ತೋರಿಸು."

ಊರಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನನ್ನ ತಕರಾರು ಇಷ್ಟೇ.

ಆ ಪ್ರಶ್ನೆಯನ್ನು ತಂಗಿಗೆ ನಾನೇ ಕೇಳಿದೆ. ಅವಳು ತೋರಿಸಿದಳು. ಎರಡೂ ಕೈ ಮಗುವಿನ ಕಂಕುಳಿಗೆ ಹಾಕುತ್ತಾಳೆ. ಹೆಬ್ಬೆರಳು ಮುಂದೆ, ಉಳಿದ ಬೆರಳು ಹಿಂದೆ, ಎರಡರ ನಡುವೆ ಅಗಲ ಬಿಟ್ಟು ಹಿಡಿದು, ಮಣಿಕಟ್ಟನ್ನು ಬಾಗಿಸಿ ಮೇಲಕ್ಕೆ ಎಳೆಯುತ್ತಾಳೆ. ಆರು ಕಿಲೋ ಭಾರವೆಲ್ಲ ಎರಡು ಹೆಬ್ಬೆರಳ ಮೇಲೆ. ಹೆಬ್ಬೆರಳನ್ನು ಎತ್ತುವ, ಅಗಲಿಸುವ ಎರಡು ಸ್ನಾಯುರಜ್ಜುಗಳು ಮಣಿಕಟ್ಟಿನ ಅಂಚಿನಲ್ಲಿ ಒಂದು ಕಿರಿದಾದ ಕೊಳವೆಯೊಳಗೆ ಹಾಯುತ್ತವೆ. ದಿನವಿಡೀ ಹೀಗೆ ಎತ್ತಿ ಇಳಿಸಿದರೆ ಆ ಜಾಗ ದಪ್ಪವಾಗಿ, ರಜ್ಜು ಸಲೀಸಾಗಿ ಜಾರುವುದಿಲ್ಲ. ಬಾಣಂತಿ ಮೈಯಲ್ಲಿ ಹಾರ್ಮೋನಿನ ಏರುಪೇರು, ನೀರು ತುಂಬಿಕೊಳ್ಳುವುದು ಇದ್ದೇ ಇರುತ್ತದೆ, ಅದೂ ಸೇರುತ್ತದೆ. ಡಾಕ್ಟರುಗಳು ಇದನ್ನು ಡಿ ಕ್ವೆರ್ವೈನ್ ಅನ್ನುತ್ತಾರೆ. ಹೆರಿಗೆಯಾಗಿ ಕೆಲವು ವಾರ, ತಿಂಗಳ ನಂತರ ಕಾಣಿಸಿಕೊಳ್ಳುವ ಮಾಮೂಲಿ ತೊಂದರೆ ಇದು.

ಗೊತ್ತುಮಾಡಿಕೊಳ್ಳುವುದು ಸುಲಭ. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಉಳಿದ ಬೆರಳುಗಳಿಂದ ಮುಚ್ಚಿ ಮುಷ್ಟಿ ಮಾಡಬೇಕು. ಆಮೇಲೆ ಮಣಿಕಟ್ಟನ್ನು ಕಿರುಬೆರಳ ಕಡೆಗೆ ನಿಧಾನ ಬಾಗಿಸಬೇಕು. ತಂಗಿ ಅರ್ಧಕ್ಕೇ ಕೈ ಹಿಂದೆಗೆದುಕೊಂಡಳು. ಹೆಬ್ಬೆರಳ ಬುಡದಿಂದ ಮುಂಗೈ ಕಡೆಗೆ ಚುಳುಕ್ ಎಂದು ಹೊಡೆದಿತ್ತು. ರಾತ್ರಿ ಜೋಮು ಹಿಡಿದು ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟಿದರೆ ಅದು ಬೇರೆ ತೊಂದರೆ. ಅದರಲ್ಲಿ ಅಂಗೈ ಕಡೆಯ ನರ ಒತ್ತಿಕೊಂಡಿರುತ್ತದೆ.

ಮದ್ದು ಏನು ಮಾಡಿದ್ದಾರೆ ಎಂದು ಕೇಳಿದರೆ, ಬಿಸಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದರು, ಮೆಡಿಕಲ್ ಅಂಗಡಿಯಿಂದ ಮಣಿಕಟ್ಟಿನ ಪಟ್ಟಿಯೊಂದನ್ನು ತಂದು ಕಟ್ಟಿದ್ದರು. ಪಟ್ಟಿ ನೋಡಿದೆ. ಹೆಬ್ಬೆರಳು ಪೂರ್ತಿ ಹೊರಗೆ! ಈ ನೋವಿಗೆ ಅದರಿಂದ ಉಪಯೋಗ ಇಲ್ಲ. ಮಣಿಕಟ್ಟಿನ ಜೊತೆ ಹೆಬ್ಬೆರಳನ್ನೂ ಹಿಡಿದಿಡುವ ಸ್ಪ್ಲಿಂಟ್ ಬೇಕು. ಅದನ್ನು ಕೆಲವು ವಾರ ಹಾಕಿಕೊಳ್ಳಬೇಕು. ಆದರೆ ಸ್ಪ್ಲಿಂಟ್‌ಗಿಂತ ಮೊದಲು ಎತ್ತುವ ಕ್ರಮ ಬದಲಾಗಬೇಕು. ಇಲ್ಲದಿದ್ದರೆ ತೆಗೆದ ದಿನವೇ ನೋವು ಮತ್ತೆ ಶುರುವಾಗುತ್ತದೆ. ಇಷ್ಟರಲ್ಲಿ ಕಡಿಮೆಯಾಗದಿದ್ದರೆ ಮೂಳೆ ಡಾಕ್ಟರು ಆ ಕೊಳವೆಗೆ ಒಂದು ಸ್ಟಿರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ, ಬಹಳ ಜನರಿಗೆ ಅದರಿಂದ ಗುಣವಾಗುತ್ತದೆ. ಹಾಲೂಡಿಸುವವರಿಗೂ ಕೊಡಬಹುದು, ಹಾಲೂಡಿಸುತ್ತಿದ್ದೇನೆ ಎಂದು ಮೊದಲೇ ಹೇಳಿದರಾಯಿತು.

ಎತ್ತುವ ಕ್ರಮ ಹೀಗೆ. ಒಂದು ಅಂಗೈ ಮಗುವಿನ ಅಂಡಿನ ಕೆಳಗೆ, ಇನ್ನೊಂದು ಭುಜ ಮತ್ತು ತಲೆಯ ಕೆಳಗೆ. ಅಂಗೈ ಮೇಲ್ಮುಖ, ಹೆಬ್ಬೆರಳು ಉಳಿದ ಬೆರಳುಗಳಿಗೆ ಅಂಟಿಕೊಂಡೇ ಇರಬೇಕು. ಮಣಿಕಟ್ಟು ನೇರ. ಮೊದಲು ಮಗುವನ್ನು ಎದೆಗೆ ತಂದುಕೊಳ್ಳಬೇಕು, ಆಮೇಲೆ ಏಳಬೇಕು. ಭಾರ ಮುಂಗೈ ಮೇಲೆ ಬರುತ್ತದೆ, ಬೆರಳ ಮೇಲಲ್ಲ. ಹಾಲು ಕೊಡುವಾಗ ಮಗುವಿನ ತಲೆಯನ್ನು ಅಂಗೈಯಲ್ಲಿ ಹೊತ್ತು ಕೂರಬಾರದು, ದಿಂಬು ಹೊರಲಿ. ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ಹೆಬ್ಬೆರಳಲ್ಲಿ ಜಾರಿಸುವುದೂ ಇದೇ ರಜ್ಜುವಿಗೆ ಕೆಲಸ ಕೊಡುತ್ತದೆ.

ಕೈ ಆಯಿತು, ಸೊಂಟದ ಕಥೆ ಬಂತು. ನಮ್ಮ ಕಡೆ ಇದಕ್ಕೆ ಎರಡೇ ಕಾರಣ. ಒಂದು ಶೀತ, ಇನ್ನೊಂದು "ಬೆನ್ನಿಗೆ ಕೊಟ್ಟ ಇಂಜೆಕ್ಷನ್". ಕುಮಟಾದಿಂದ ಕಾರವಾರದವರೆಗೆ ಯಾವ ಮನೆಗೆ ಹೋದರೂ ಈ ಮಾತು ಕೇಳಿದ್ದೇನೆ. ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯುವುದು ಹೌದು. ತಿಂಗಳುಗಟ್ಟಲೆ ಉಳಿಯುವ ಸೊಂಟನೋವನ್ನು ಅದರ ತಲೆಗೆ ಕಟ್ಟಲಾಗದು. ಆ ಇಂಜೆಕ್ಷನ್ ತಗೊಳ್ಳದೇ ಹೆತ್ತವರಿಗೂ ಇದೇ ಸೊಂಟನೋವು ಬರುತ್ತದೆ. ಒಂಬತ್ತು ತಿಂಗಳು ಹಿಗ್ಗಿದ ಹೊಟ್ಟೆಯ ಸ್ನಾಯು ಇನ್ನೂ ಸಡಿಲ ಇರುತ್ತದೆ. ಸಿಸೇರಿಯನ್‌ನಲ್ಲಿ ಹೊಟ್ಟೆಯ ಮುಂದಿನ ಸ್ನಾಯುವನ್ನು ಸಾಮಾನ್ಯವಾಗಿ ಕತ್ತರಿಸುವುದಿಲ್ಲ, ಬದಿಗೆ ಸರಿಸುತ್ತಾರೆ. ಆದರೆ ಅದರ ಮೇಲಿನ ಗಟ್ಟಿ ಪೊರೆಯನ್ನು ಕತ್ತರಿಸಿ ಹೊಲಿದಿರುತ್ತಾರೆ. ಹೊರಗಿನ ಹೊಲಿಗೆ ಒಣಗಿ ಚೆನ್ನಾಗಿ ಕಂಡರೂ, ಆ ಪೊರೆಗೆ ಆರು ವಾರಕ್ಕೆ ಸುಮಾರು ಅರ್ಧದಷ್ಟು ಬಲ ಮಾತ್ರ ಬಂದಿರುತ್ತದೆ. ಹೊಲಿಗೆ ಎಳೆಯುತ್ತದೆಂದು ಬಾಣಂತಿ ಮುಂದಕ್ಕೆ ಬಾಗಿ ನಡೆಯುತ್ತಾಳೆ. ನೋವು ಹೋದ ಮೇಲೂ ಆ ಬಾಗು ಉಳಿಯುತ್ತದೆ. ಮುಂದೆ ಹಿಡಿಯುವವರಿಲ್ಲ, ಭಾರವೆಲ್ಲ ಸೊಂಟಕ್ಕೆ.

ಜರ್ಮನಿಯಲ್ಲಿ ಇದಕ್ಕೆಂದೇ ಒಂದು ತರಗತಿ ಇದೆ. ಹೆರಿಗೆಯ ನಂತರದ ವ್ಯಾಯಾಮ. ಹತ್ತು ಗಂಟೆಯಷ್ಟು ಪಾಠಕ್ಕೆ ಸರ್ಕಾರಿ ವಿಮೆಯೇ ದುಡ್ಡು ಕೊಡುತ್ತದೆ. ಮಗುವನ್ನು ಪಕ್ಕದ ಚಾಪೆಯಲ್ಲಿ ಮಲಗಿಸಿಕೊಂಡು ಮಾಡಬಹುದು. ಅಲ್ಲಿ ಕಲಿತದ್ದನ್ನೇ ತಂಗಿಗೆ ಹೇಳಿಕೊಟ್ಟೆ.

ಮೊದಲು ಏಳುವುದು. ಅವಳು ಮಂಚದಿಂದ ಸೀದಾ ಎದ್ದು ಕೂರುತ್ತಿದ್ದಳು. ಆಗ ಹೊಟ್ಟೆಯ ನಡುಗೆರೆಯಲ್ಲಿ ಸಣ್ಣ ದಿಬ್ಬ ಏಳುತ್ತಿತ್ತು. ಅದು ನೋಡಲೇಬೇಕಾದ ಗುರುತು. ಎಡ ಬಲ ಸ್ನಾಯುಗಳ ನಡುವೆ ಬಿರುಕು ಇದೆ, ಈ ಕೆಲಸ ಸದ್ಯ ಹೊಟ್ಟೆಗೆ ಜಾಸ್ತಿ ಆಯಿತು ಎಂದರ್ಥ. ಅಂಗಾತ ಮಲಗಿ, ಮೊಣಕಾಲು ಮಡಚಿ, ತಲೆಯನ್ನು ಸ್ವಲ್ಪ ಎತ್ತಿ ಹೊಕ್ಕುಳ ಹತ್ತಿರ ಬೆರಳಿಟ್ಟು ನೋಡಿದರೆ ಸಿಗುತ್ತದೆ. ಅವಳಿಗೆ ಎರಡು ಬೆರಳಿಗಿಂತ ಸ್ವಲ್ಪ ಅಗಲ ಇತ್ತು. ಹಾಗಾಗಿ ಮಗ್ಗುಲಿಗೆ ಹೊರಳಿ, ಕಾಲು ಕೆಳಗೆ ಬಿಟ್ಟು, ಕೈಯೂರಿ ಏಳಬೇಕು. ಯೂಟ್ಯೂಬ್ ನೋಡಿ ಹೊಟ್ಟೆ ಕರಗಿಸಲು ಎದ್ದು ಕೂರುವ ಕಸರತ್ತು ಶುರು ಮಾಡಿದ್ದಳು, ಅದನ್ನು ನಿಲ್ಲಿಸಿದೆ.

ಅದರ ಬದಲಿಗೆ ಮಾಡಬೇಕಾದದ್ದು ಕಣ್ಣಿಗೆ ವ್ಯಾಯಾಮದಂತೆ ಕಾಣುವುದೇ ಇಲ್ಲ. ಮೊಣಕಾಲು ಮಡಚಿ ಮಲಗಿ ಉಸಿರು ತಗೊಳ್ಳುವುದು. ಉಸಿರು ಬಿಡುತ್ತಾ ಮೂತ್ರ ತಡೆಯುವಾಗ ಬಿಗಿಯುವ ಜಾಗವನ್ನು ಮೇಲಕ್ಕೆ ಸೆಳೆದು, ಕೆಳಹೊಟ್ಟೆಯನ್ನು ಮೆಲ್ಲಗೆ ಒಳಕ್ಕೆ ತಂದುಕೊಳ್ಳುವುದು. ಐದು ಎಣಿಸುವಷ್ಟು ಹೊತ್ತು ಹಿಡಿದು ಬಿಡುವುದು. ಹತ್ತು ಸಲ, ದಿನಕ್ಕೆ ಎರಡು ಮೂರು ಹೊತ್ತು. ಇದು ಹದಕ್ಕೆ ಬಂದ ಮೇಲೆ ಹಾಗೇ ಹಿಡಿದುಕೊಂಡು ಒಂದು ಹಿಮ್ಮಡಿಯನ್ನು ಚಾಪೆ ಮೇಲೆ ಮುಂದಕ್ಕೆ ಜಾರಿಸಿ ವಾಪಸ್ ತರುವುದು, ಆಮೇಲೆ ಇನ್ನೊಂದು. ಅದೂ ಸಲೀಸಾದ ಮೇಲೆ ಸೊಂಟ ಎತ್ತುವುದು. ಯಾವ ಹಂತದಲ್ಲಿ ಹೊಟ್ಟೆ ನಡುವೆ ದಿಬ್ಬ ಎದ್ದರೂ, ಮೂತ್ರ ಸೋರಿದರೂ, ಗಾಯ ಎಳೆದರೂ ಹಿಂದಿನ ಹಂತಕ್ಕೆ ವಾಪಸ್. ಮಗು ಎತ್ತುವಾಗಲೂ ಇದೇ ಲೆಕ್ಕ: ಉಸಿರು ಬಿಡುತ್ತಾ ಎತ್ತಬೇಕು, ಬಿಗಿಹಿಡಿದು ಅಲ್ಲ.

ಹೊತ್ತು ತಿರುಗುವುದೂ ಅಷ್ಟೇ. ಒಂದೇ ಕಂಕುಳಲ್ಲಿ ಸೊಂಟ ವಾಲಿಸಿ ಹೊತ್ತರೆ ಆ ಬದಿಯ ಬೆನ್ನು ಹಿಡಿಯುತ್ತದೆ. ಬಟ್ಟೆಯಲ್ಲಿ ಎದೆಗೆ ಕಟ್ಟಿಕೊಳ್ಳುವುದಾದರೆ ಕಟ್ಟು ಬಿಗಿಯಾಗಿರಬೇಕು, ಬಗ್ಗಿದರೆ ಮುತ್ತು ಕೊಡುವಷ್ಟು ಎತ್ತರದಲ್ಲಿ ಮಗುವಿನ ತಲೆ ಇರಬೇಕು. ಮಗುವಿನ ಮುಖ ಕಾಣಬೇಕು, ಗದ್ದ ಎದೆಗೆ ಒತ್ತಿಕೊಂಡಿರಬಾರದು, ಇಲ್ಲವಾದರೆ ಉಸಿರಾಟಕ್ಕೆ ತೊಂದರೆ. ಮೊಣಕಾಲು ಅಂಡಿಗಿಂತ ಮೇಲೆ. ಗಂಟಾಗಲಿ ಬೆಲ್ಟಾಗಲಿ ಹೊಲಿಗೆಯ ಮೇಲೆ ಬರಬಾರದು.

ಇಷ್ಟೆಲ್ಲ ಹೇಳಿದಾಗ ದೊಡ್ಡಮ್ಮ ಕೇಳಿದರು, "ಅಷ್ಟೊಂದು ಕಲಿಸ್ತಾರೆ ಅಂತೀಯಾ, ನಿಂಗೆ ಯಾಕೆ ಕೈ ನೋವು ಬಂತು?" ಉತ್ತರ ನನಗೆ ಗೊತ್ತಿತ್ತು, ಹೇಳಲು ಮನಸ್ಸಿರಲಿಲ್ಲ. ಅಲ್ಲಿ ಮಗು ಎತ್ತಲು ಇದ್ದದ್ದು ನನ್ನ ಎರಡು ಕೈ ಮಾತ್ರ. ಗಂಡ ಆಫೀಸಿಗೆ ಹೋದ ಮೇಲೆ ಸಂಜೆವರೆಗೆ ಮಗುವನ್ನು ಇಳಿಸಲು ಜಾಗ ಇತ್ತು, ಕೊಡಲು ಜನ ಇರಲಿಲ್ಲ. ತಂಗಿಗೆ ಮೊದಲ ನಲವತ್ತು ದಿನ ಹಾಲು ಕುಡಿಸುವುದು ಬಿಟ್ಟರೆ ಮಗು ಎತ್ತುವ ಕೆಲಸವೇ ಬರಲಿಲ್ಲ. ಹೊಲಿಗೆಯ ಒಳಪೊರೆಗೆ ಅದಕ್ಕಿಂತ ಒಳ್ಳೆಯದು ಇನ್ನೇನಿದೆ? ಅವಳ ನೋವು ಶುರುವಾದದ್ದು ಅದು ಮುಗಿದು, ಇಡೀ ಭಾರ ಒಮ್ಮೆಲೇ ಅವಳ ಕೈಗೆ ಬಂದ ಮೇಲೆ.

ಇನ್ನೊಂದನ್ನೂ ಒಪ್ಪಬೇಕು. ಮಗುವಿಗೆ ಎರೆಯಲು ಬರುವ ಅಜ್ಜಿಯನ್ನು ಮರುದಿನ ಬಚ್ಚಲಲ್ಲಿ ನೋಡಿದೆ. ಕಾಲು ನೀಡಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿ, ಅಂಗೈಯನ್ನು ಚಪ್ಪಟೆಯಾಗಿ ಅಡಿಗೆ ತೂರಿಸಿ ಮಗುಚುತ್ತಿದ್ದರು. ಹೆಬ್ಬೆರಳು ಒಂದು ಸಲವೂ ಅಗಲಲಿಲ್ಲ. ನನಗೆ ತರಗತಿಯಲ್ಲಿ ಹೇಳಿಕೊಟ್ಟದ್ದನ್ನೇ ಅವರು ಹೇಳದೇ ಮಾಡುತ್ತಿದ್ದರು. ಹೊಟ್ಟೆಗೆ ಹಳೇ ಸೀರೆ ಕಟ್ಟುವುದಕ್ಕೂ ನನ್ನ ತಕರಾರಿಲ್ಲ, ಎದ್ದು ಓಡಾಡಲು ಅದು ಧೈರ್ಯ ಕೊಡುತ್ತದೆ. ಉಸಿರು ಕಟ್ಟುವಷ್ಟು ಬಿಗಿದರೆ ಮಾತ್ರ ಒತ್ತಡ ಕೆಳಕ್ಕೆ ಹೋಗಿ ಮೂತ್ರ ಸೋರುವುದು ಹೆಚ್ಚುತ್ತದೆ. ದಿನವಿಡೀ ಮಲಗಿಸುವುದು ಮಾತ್ರ ಬೇಡ. ಆಪರೇಷನ್ ಆದವರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇರುತ್ತದೆ, ಮನೆಯೊಳಗಾದರೂ ನಡೆಯಲಿ. ಒಂದು ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ, ಹೊಲಿಗೆ ಕೆಂಪಾಗಿ ಜ್ವರ ಬಂದರೆ, ಸೊಂಟನೋವಿನ ಜೊತೆ ತೊಡೆಸಂದು ಮರಗಟ್ಟಿದರೆ ಎಣ್ಣೆ ಹುಡುಕದೇ ಆಸ್ಪತ್ರೆಗೆ ಹೋಗಬೇಕು.

ಎಲ್ಲಾ ಊರಿಗೂ ಜರ್ಮನಿಯ ತರಗತಿ ಬರಲಿ ಎಂದು ನಾನು ಹೇಳುತ್ತಿಲ್ಲ. ಹಳ್ಳಿಯಿಂದ ಶಿರಸಿ ಪೇಟೆಗೆ ಫಿಸಿಯೋಥೆರಪಿಗೆ ದಿನಾ ಬರುವುದು ಬಾಣಂತಿಗೆ ಆಗುವ ಮಾತಲ್ಲ. ಆದರೆ ಆಶಾ ಕಾರ್ಯಕರ್ತೆ ಹೇಗೂ 42ನೇ ದಿನದವರೆಗೆ ಮನೆಗೆ ಬರುತ್ತಾರೆ, ಮಗುವಿನ ತೂಕ, ಜ್ವರ ನೋಡುತ್ತಾರೆ. ಕೊನೆಯ ಭೇಟಿಯ ಹೊತ್ತಿಗೆ ಸರಿಯಾಗಿ ಬಾಣಂತಿ ಮಗುವನ್ನು ತಾನೇ ಎತ್ತಲು ಶುರು ಮಾಡಿರುತ್ತಾಳೆ. ಆ ದಿನ ಐದು ನಿಮಿಷ ತೊಟ್ಟಿಲ ಹತ್ತಿರ ನಿಂತು, "ಹೇಗೆ ಎತ್ತುತ್ತೀ, ತೋರಿಸವ್ವಾ" ಎಂದು ಕೇಳುವಂತಾದರೆ ಸಾಕು. ಹಾಗೆ ಕೇಳಲು ಅವರಿಗೆ ಯಾರಾದರೂ ತರಬೇತಿ ಕೊಡಬೇಕು, ಅಷ್ಟೆ.