ಒಂಬತ್ತು ಗಂಟೆ ಕೈ ತೊಳೆಯಿರಿ!

ಟಿವಿ ಜಾಹೀರಾತಿನ ಕೀಟಾಣುಗಳಿಗೆ ಹಲ್ಲಿರುತ್ತದೆ. ಮೈ ಹಸಿರು, ಕಣ್ಣು ಕೆಂಪು. ಬಿಳಿ ಕೋಟಿನವರು ಬಂದು ಎರಡು ವೃತ್ತ ತೋರಿಸುತ್ತಾರೆ. ಒಂದರಲ್ಲಿ ಶೇ. 99.9 ಕೀಟಾಣುಗಳು ಮಟಾಷ್. ಪಕ್ಕದ 'ಸಾಧಾರಣ ಸೋಪಿ'ನ ವೃತ್ತದಲ್ಲಿ ಜಾತ್ರೆ ನಡೆದೇ ಇರುತ್ತದೆ. ಪಾಪ, ಆ ಸೋಪಿಗೆ ಒಂದು ಹೆಸರೂ ಇಲ್ಲ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲಿ ಕಂಪನಿಗಳನ್ನು ಕೇಳಿತು: ನಿಮ್ಮ ಸೋಪು ಬರೀ ಸೋಪು-ನೀರಿಗಿಂತ ಹೆಚ್ಚೇನು ಮಾಡುತ್ತದೆ, ತೋರಿಸಿ. ಜಾಹೀರಾತಿಗೆ ಕಾಸು ಸುರಿದವರ ಹತ್ತಿರ ಇದಕ್ಕೆ ಸರಿಯಾದ ಉತ್ತರ ಇರಲಿಲ್ಲ. 2016ರಲ್ಲಿ ಟ್ರೈಕ್ಲೋಸಾನ್, ಟ್ರೈಕ್ಲೋಕಾರ್ಬನ್ ಸೇರಿ ಕೀಟಾಣು ಕೊಲ್ಲಲೆಂದು ಹಾಕುವ 19 ರಾಸಾಯನಿಕಗಳಿಗೆ ಅಲ್ಲಿನ ಮನೆಬಳಕೆಯ ಸೋಪಿನಿಂದ ಗೇಟ್‌ಪಾಸ್ ಸಿಕ್ಕಿತು.

ಟ್ರೈಕ್ಲೋಸಾನ್ ಕೊಲ್ಲುವುದೇ ಇಲ್ಲ ಅಂತಲ್ಲ. ಕೊಲ್ಲುತ್ತದೆ, ಆದರೆ ನಿಧಾನಕ್ಕೆ. ಕೊರಿಯಾದವರು 2015ರಲ್ಲಿ ಇದನ್ನು ಪರೀಕ್ಷಿಸಿದರು. ಒಂದೇ ಬಗೆಯ ಸೋಪು, ಒಂದಕ್ಕೆ ಶೇ. 0.3 ಟ್ರೈಕ್ಲೋಸಾನ್, ಇನ್ನೊಂದಕ್ಕೆ ಏನೂ ಇಲ್ಲ. ಎದುರಿಗೆ 20 ಬಗೆಯ ಬ್ಯಾಕ್ಟೀರಿಯಾ. 20 ಸೆಕೆಂಡಿಗೆ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಒಂಬತ್ತು ಗಂಟೆ ಬಿಟ್ಟ ಮೇಲೆ ಕಂಡಿತು!

ಹಾಗಾಗಿ ಕೊಟ್ಟ ಕಾಸಿಗೆ ನ್ಯಾಯ ಸಿಗಬೇಕಾದರೆ ದಾರಿ ಒಂದೇ. ರಾತ್ರಿ ಊಟ ಮುಗಿಸಿ ಕೈಗೆ ನೊರೆ ಹಚ್ಚಿ, ಎರಡೂ ಕೈ ಮೇಲೆತ್ತಿಕೊಂಡು ಮಲಗಿ. ಬೆಳಗ್ಗೆ ತೊಳೆದರಾಯಿತು. ಕಾಫಿ ಸ್ವಲ್ಪ ತಡವಾಗುತ್ತದೆ, ಅಡ್ಜಸ್ಟ್ ಮಾಡ್ಕೊಳ್ಳಿ.

ಹೆಸರಿಲ್ಲದ ಸೋಪು ಇಷ್ಟೆಲ್ಲ ಕಾಯಿಸುವುದಿಲ್ಲ. ಅದಕ್ಕೆ ಕೀಟಾಣುವನ್ನು ಕೊಲ್ಲಲೇಬೇಕೆಂಬ ಹಟವೂ ಇಲ್ಲ. ಅದರ ಕಣಕ್ಕೆ ಒಂದು ತುದಿ ಎಣ್ಣೆಯನ್ನು ಹಿಡಿಯುವಂಥದ್ದು, ಇನ್ನೊಂದು ನೀರಿನ ಜೊತೆ ಹೋಗುವಂಥದ್ದು. ಕೈಯ ಜಿಡ್ಡನ್ನೂ ಅದಕ್ಕೆ ಅಂಟಿಕೊಂಡ ಕೀಟಾಣುವನ್ನೂ ಎಬ್ಬಿಸಿ ಮೋರಿಗೆ ಕಳಿಸುತ್ತದೆ. ಕೊರೊನಾ ವೈರಸ್ಸಿನಂಥವಕ್ಕೆ ಮೇಲೆ ಕೊಬ್ಬಿನ ಹೊದಿಕೆ ಇರುತ್ತದಲ್ವಾ, ಅದನ್ನಂತೂ ಹರಿದೇ ಹಾಕುತ್ತದೆ.

ಇದು ಲ್ಯಾಬಿನ ಮಾತಾಯಿತು, ಮನೆಯಲ್ಲಿ ಏನು ಅನ್ನುವವರು ಕರಾಚಿ ನೋಡಬೇಕು. ಅಲ್ಲಿನ ಬಡ ಬಡಾವಣೆಗಳಲ್ಲಿ ಕೆಲವು ಮನೆಗಳಿಗೆ ಟ್ರೈಕ್ಲೋಕಾರ್ಬನ್ ಸೋಪು, ಕೆಲವಕ್ಕೆ ಸಾದಾ ಸೋಪು ಕೊಟ್ಟು ಕೈ ತೊಳೆಯುವುದನ್ನು ರೂಢಿ ಮಾಡಿಸಿದರು. 2005ರಲ್ಲಿ ಫಲಿತಾಂಶ ಬಂತು. ಸಾದಾ ಸೋಪಿನ ಮನೆಗಳಲ್ಲೇ ಐದು ವರ್ಷದೊಳಗಿನ ಮಕ್ಕಳ ನ್ಯುಮೋನಿಯಾ, ಸೋಪು ಕೊಡದ ಬಡಾವಣೆಗಳಿಗೆ ಹೋಲಿಸಿದರೆ ಅರ್ಧಕ್ಕಿಳಿದಿತ್ತು. ಭೇದಿಯೂ ಹೆಚ್ಚುಕಡಿಮೆ ಅಷ್ಟೇ ಇಳಿದಿತ್ತು. ಔಷಧಿ ಸೋಪು ಅದಕ್ಕಿಂತ ಮುಂದೆ ಹೋಗಲಿಲ್ಲ.

ಆಪರೇಷನ್‌ಗೆ ಇಳಿಯುವ ಡಾಕ್ಟರ ಕೈತೊಳೆತದ ಲೆಕ್ಕ ಬೇರೆ, ಅದನ್ನು ಅವರಿಗೇ ಬಿಡೋಣ. ನಮ್ಮದು ಅನ್ನ-ಸಾರಿನ ಕೈ. ಅದರಲ್ಲೂ ನಾವು ಅಂಗೈ ಎರಡು ಸಲ ತಿಕ್ಕಿ, ಹೆಬ್ಬೆರಳು, ಉಗುರಿನ ಸಂದಿ ಎಲ್ಲ ಬಿಟ್ಟು, ಐದೇ ಸೆಕೆಂಡಿಗೆ ನಲ್ಲಿ ನಿಲ್ಲಿಸಿ ಪ್ಯಾಂಟಿಗೆ ಒರೆಸಿಕೊಳ್ಳುವ ಜನ. ಶೇ. 99.9 ಅಂತ ಬರೆದ ಸೋಪು ಆ ಉಗುರಿನ ಸಂದಿಗೆ ತಾನಾಗೇ ನಡೆದು ಹೋಗುತ್ತದೆ ಅಂತ ಕಂಪನಿಯವರೂ ಇನ್ನೂ ಹೇಳಿಲ್ಲ. ಮುಂದಿನ ಜಾಹೀರಾತಿನಲ್ಲಿ ಹೇಳಬಹುದು, ಕಾಯೋಣ.