ಮಳೆ ಬಂದರೆ ಯಾರಿಗೆ ಬೇಸರ?

ಕಾಸರಗೋಡಿನ ಜೂನ್ ತಿಂಗಳ ಮಳೆ ಯಾರ ಮನಸ್ಸನ್ನೂ ಕೇಳಿ ಬರುವುದಿಲ್ಲ. ಮದುವೆ ಮನೆಯ ಚಪ್ಪರದ ಮೇಲೂ ಸುರಿಯುತ್ತದೆ, ಬೊಜ್ಜದ ಮನೆಯ ಅಂಗಳಕ್ಕೂ ಸುರಿಯುತ್ತದೆ. ಎರಡು ದಿನ ಬಿಡದೆ ಹೊಡೆದರೆ ಅಡಿಕೆಗೆ ಮದ್ದು ಬಿಡಲು ಹೊಳವು ಸಿಗದವನಿಗೆ ತಲೆಬಿಸಿ. ಕಲೆಕ್ಟರ್ ರಜೆ ಕೊಟ್ಟರೋ ಅಂತ ಬೆಳಿಗ್ಗೆಯೇ ಫೋನ್ ಹಿಡಿದು ಕೂತ ಮಕ್ಕಳಿಗೆ ಹಬ್ಬ. ಮಳೆ ಒಂದೇ. ಹಾಗಿದ್ದೂ ಇದೇ ಮಕ್ಕಳು ಇಂಗ್ಲಿಷ್ ಕಾದಂಬರಿಯ ಅಧ್ಯಾಯವೊಂದನ್ನು ಓದಿ ಎರಡು ಮಾರ್ಕಿನ ಉತ್ತರ ಬರೆಯಲು ಕೂತರೆ, ಕಿಟಕಿಯ ಹೊರಗೆ ಮಳೆಯನ್ನು ಖುಷಿಯಿಂದ ನೋಡುತ್ತಲೇ "ಮಳೆಯು ದುಃಖದ ಸಂಕೇತ" ಅಂತ ಬರೆದುಬಿಡುತ್ತಾರೆ.

ನನ್ನ ತಂಗಿಯ ಮಗಳು ಬರೆದದ್ದೂ ಹಾಗೆಯೇ. ಡಿಗ್ರಿಯಲ್ಲಿ ಅವಳಿಗೆ ಇಂಗ್ಲಿಷ್ ಸಾಹಿತ್ಯ. ಪ್ರಶ್ನೆ ಇದ್ದದ್ದು 'ಜೇನ್ ಏರ್' ಕಾದಂಬರಿಯ ಇಪ್ಪತ್ತಮೂರನೇ ಅಧ್ಯಾಯದ ಬಗ್ಗೆ. ಅದರಲ್ಲಿ ಪೆಥೆಟಿಕ್ ಫ್ಯಾಲಸಿ, ಅಂದರೆ ಪ್ರಕೃತಿಗೆ ಮನುಷ್ಯರ ಭಾವನೆ ಹಚ್ಚುವುದು, ಹೇಗೆ ಕೆಲಸ ಮಾಡಿದೆ, ಚಿಕ್ಕದಾಗಿ ಬರೆಯಿರಿ. ಅವಳ ಉತ್ತರ: "ಬಿರುಗಾಳಿ, ಗುಡುಗು, ಮಳೆ ಜೇನ್‌ಳ ದುಃಖವನ್ನು ತೋರಿಸುತ್ತವೆ."

"ಆ ಹೊತ್ತಲ್ಲಿ ಜೇನ್‌ಗೆ ಎಂತ ದುಃಖ ಮಾರಾಯ್ತಿ? ಈಗಷ್ಟೇ ಮದುವೆ ನಿಶ್ಚಯ ಆದದ್ದಲ್ವಾ?" ಅಂತ ಕೇಳಿದೆ.

"ಹೌದು ಮಾವ, ಆದರೆ ಗುಡುಗು ಬಂತಲ್ಲ" ಅಂದಳು.

ಗುಡುಗು ಬಂದದ್ದು ನಿಜ. ಎಲ್ಲ ಗೊಂದಲ ಇರುವುದೂ ಅಲ್ಲೇ. ಅದಕ್ಕೇ ಈ ಅಧ್ಯಾಯ ನನಗೆ ಇಷ್ಟ. ಹವಾಮಾನ ಮನಸ್ಸಿನ ಕನ್ನಡಿ ಅಂತ ಬಾಯಿಪಾಠ ಮಾಡಿದವರು ಜಾರಿ ಬೀಳುವುದಕ್ಕೆಂದೇ ಬರೆದ ಹಾಗಿದೆ.

ಹೆಸರಿನ ವಿಷಯವನ್ನು ಬೇಗ ಮುಗಿಸುತ್ತೇನೆ. ಪೆಥೆಟಿಕ್ ಫ್ಯಾಲಸಿ ಅನ್ನುವ ಮಾತನ್ನು ಹುಟ್ಟಿಸಿದವರು ಇಂಗ್ಲಿಷ್ ವಿಮರ್ಶಕ ಜಾನ್ ರಸ್ಕಿನ್, 1856ರಲ್ಲಿ. ಒಂದು ಪದ್ಯದಲ್ಲಿ ಕಡಲಿನ ನೊರೆಯನ್ನು ಕ್ರೂರಿ, ತೆವಳುವ ನೊರೆ ಅಂತ ಕರೆದಿತ್ತು. ನೊರೆ ಕ್ರೂರಿಯೂ ಅಲ್ಲ, ಅದು ತೆವಳುವುದೂ ಇಲ್ಲ ಅಂತ ರಸ್ಕಿನ್ ಸಿಡುಕಿದರು. ದುಃಖದಲ್ಲಿ ಬುದ್ಧಿ ಕಲಕಿದವನಿಗೆ ಹೊರಗಿನ ವಸ್ತುಗಳು ಸುಳ್ಳಾಗಿ ಕಾಣುತ್ತವೆ, ಆ ಸುಳ್ಳು ಕಾಣುವಿಕೆಯೇ ಇದು ಅನ್ನುವುದು ಅವರ ವಾದ. ಅಂದರೆ ಮೂಲದಲ್ಲಿ ಇದು ಹೊಗಳಿಕೆ ಅಲ್ಲ, ಆಕ್ಷೇಪ. ಬರೀ ಹವಾಮಾನಕ್ಕೆ ಸೇರಿದ್ದೂ ಅಲ್ಲ. ಆಮೇಲೆ ತರಗತಿಗಳಲ್ಲಿ ಅರ್ಥ ಸಡಿಲವಾಗಿ, ಪಾತ್ರದ ಮನಸ್ಸಿಗೆ ತಕ್ಕ ಹಾಗೆ ಗಾಳಿ ಮಳೆ ಬಿಸಿಲು ಬಂದರೆ ಅದಕ್ಕೂ ಇದೇ ಹೆಸರು ಅಂತಾಯಿತು. ಪರೀಕ್ಷೆಗೆ ಆ ಸಡಿಲ ಅರ್ಥ ನಡೆಯುತ್ತದೆ. ಆದರೆ ಬಿಗಿಯಾದ ಅರ್ಥವನ್ನೂ ನೆನಪಿಟ್ಟುಕೊಂಡರೆ ಉತ್ತರಕ್ಕೆ ಬೆನ್ನೆಲುಬು ಬರುತ್ತದೆ. ಮಳೆ ಬಂತು ಅಂದರೆ ಅದು ಬರೀ ಮಳೆ. ಮರ ನರಳಿತು ಅಂದರೆ ಅಲ್ಲಿ ಏನೋ ನಡೆದಿದೆ.

ಈಗ ಅಧ್ಯಾಯಕ್ಕೆ ಬರೋಣ. ಶಾರ್ಲೆಟ್ ಬ್ರಾಂಟೆ ಈ ಕಾದಂಬರಿಯನ್ನು 1847ರಲ್ಲಿ ಪ್ರಕಟಿಸಿದರು, ಅಂದರೆ ರಸ್ಕಿನ್ ಸಿಡುಕುವ ಮೊದಲೇ. ಅಧ್ಯಾಯ ಶುರುವಾಗುವುದು ಭರ್ಜರಿ ಬೇಸಿಗೆಯಿಂದ. ಇಂಗ್ಲೆಂಡಿಗೆ ಒಂದು ದಿನ ಸಿಕ್ಕಿದರೂ ಹೆಚ್ಚು ಅನ್ನುವಂಥ ತಿಳಿ ಆಕಾಶ ಸಾಲು ಸಾಲಾಗಿ ಬಂದಿದೆ, ಇಟಲಿಯ ದಿನಗಳೇ ಹಕ್ಕಿಗಳ ಹಿಂಡಿನ ಹಾಗೆ ಹಾರಿ ಬಂದು ಕೂತವೋ ಅನ್ನುವಂತಿದೆ. ಹೊಲದ ಹುಲ್ಲು ಕೊಯ್ದು ಆಗಿದೆ. ಸಂಜೆ ತೋಟದಲ್ಲಿ ನೈಟಿಂಗೇಲ್ ಹಾಡುತ್ತಿದೆ. ಜೇನ್ ಕೆಲಸಕ್ಕಿರುವ ಮನೆಯ ಯಜಮಾನ ರಾಚೆಸ್ಟರ್‌ನ ಚುಟ್ಟದ ವಾಸನೆ ಗಾಳಿಯಲ್ಲಿ ತೇಲಿ ಬರುತ್ತದೆ. ದೊಡ್ಡದೊಂದು ಚೆಸ್ಟ್‌ನಟ್ ಮರ, ಅದರ ಬುಡದಲ್ಲಿ ಬೆಂಚು. ಅಲ್ಲಿ ಕೂತು ಅವನು ಮೊದಲು, ನಿನಗೆ ಐರ್ಲೆಂಡಿನಲ್ಲಿ ಕೆಲಸ ನೋಡಿದ್ದೇನೆ, ನೀನು ಹೋಗಬೇಕು ಅಂತ ಅವಳನ್ನು ಅಳಿಸುತ್ತಾನೆ, ಆಮೇಲೆ ಮದುವೆಯ ಮಾತು ಎತ್ತುತ್ತಾನೆ.

ಗಮನಿಸಿ, ಅವಳು ಅಳುವಾಗ ಬಿರುಗಾಳಿ ಇಲ್ಲ. ಇರುವುದು ಒಂದೇ ಒಂದು ಗಾಳಿಯ ಎಳೆ. ಅದು ಸಾಲುಗಿಡಗಳ ನಡುವೆ ಬಂದು, ಚೆಸ್ಟ್‌ನಟ್ ಕೊಂಬೆಗಳಲ್ಲಿ ನಡುಗಿ, ದೂರ ದೂರ ಅಲೆಯುತ್ತಾ ಹೋಗಿ ಸಾಯುತ್ತದೆ. ಉಳಿದದ್ದು ಹಕ್ಕಿಯ ಹಾಡು, ಅದನ್ನು ಕೇಳಿ ಅವಳಿಗೆ ಮತ್ತೆ ಅಳು. ಮನಸ್ಸಿಗೂ ಹೊರಗಿನ ಪ್ರಕೃತಿಗೂ ತಾಳ ಕೂಡುವುದು ಇಲ್ಲಿ. ಬರೀ ಎರಡು ಮೂರು ಸಾಲು. ಎಲ್ಲರೂ ಗುಡುಗಿನ ಹಿಂದೆ ಓಡುವುದರಿಂದ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಆಮೇಲೆ ಅವಳು ಒಪ್ಪುತ್ತಾಳೆ. ಅವನು, ದೇವರು ನನ್ನನ್ನು ಕ್ಷಮಿಸಲಿ, ಮನುಷ್ಯರು ಯಾರೂ ಅಡ್ಡ ಬರಬಾರದು ಅನ್ನುವ ಅರ್ಥದಲ್ಲಿ ಏನೋ ಗೊಣಗುತ್ತಾನೆ. (ಮದುವೆಗೆ ಒಪ್ಪಿಗೆ ಸಿಕ್ಕವನು ದೇವರ ಕ್ಷಮೆ ಯಾಕೆ ಕೇಳಬೇಕು ಅಂತ ಅವಳಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.) ತಕ್ಷಣ ಜೇನ್ ಕೇಳಿಕೊಳ್ಳುತ್ತಾಳೆ: ಈ ರಾತ್ರಿಗೆ ಏನಾಯಿತು? ಚಂದ್ರ ಮುಳುಗಿಲ್ಲ, ಆದರೂ ನೆರಳು ಕವಿದಿದೆ. ಈ ಮರಕ್ಕೆ ಏನು ಸಂಕಟ? ಅದು ಹೊರಳಾಡುತ್ತಿದೆ, ನರಳುತ್ತಿದೆ. ರಾಚೆಸ್ಟರ್ ಮಾತ್ರ, ಹವೆ ಬದಲಾಗುತ್ತಿದೆ, ಒಳಗೆ ಹೋಗೋಣ ಅನ್ನುತ್ತಾನೆ. ಮಿಂಚು, ಸಿಡಿಲು, ಮಳೆ. ಇಬ್ಬರೂ ತೊಯ್ದುಕೊಂಡು ಮನೆ ಸೇರುತ್ತಾರೆ.

ಈಗ ಹೇಳಿ, ನರಳುತ್ತಿರುವುದು ಯಾರ ಮನಸ್ಸು? ಜೇನ್‌ಳದ್ದಂತೂ ಅಲ್ಲ. ಅವಳೇ ಸ್ಪಷ್ಟವಾಗಿ ಹೇಳುತ್ತಾಳೆ: ಎರಡು ಗಂಟೆ ಬಿರುಗಾಳಿ ಹೊಡೆಯಿತು, ಗುಡುಗು ಹತ್ತಿರದಲ್ಲೇ ಸಿಡಿಯಿತು, ಆದರೂ ನನಗೆ ಭಯ ಆಗಲಿಲ್ಲ, ಸಂತೋಷ ಉಳಿದೆಲ್ಲವನ್ನೂ ಅಳಿಸಿಹಾಕಿತು ಅಂತ. ಹವೆ ಅವಳ ಮನಸ್ಸಿಗೆ ಕನ್ನಡಿ ಹಿಡಿದಿಲ್ಲ, ಬೆನ್ನು ತಿರುಗಿಸಿದೆ. ಅವಳಿಗೆ ಗೊತ್ತಿಲ್ಲದ ಒಂದು ವಿಷಯ ಆ ಮರಕ್ಕೆ ಗೊತ್ತಿರುವ ಹಾಗೆ ಬರೆದಿದ್ದಾರೆ. ರಾಚೆಸ್ಟರ್‌ಗೆ ಆಗಲೇ ಮದುವೆಯಾಗಿದೆ, ಹೆಂಡತಿ ಅದೇ ಮನೆಯ ಮೇಲಿನ ಮಹಡಿಯಲ್ಲಿದ್ದಾಳೆ. ಆ ಗುಟ್ಟಿನ ಭಾರವೇನಾದರೂ ಹೊರಗೆ ಕಾಣುತ್ತಿದ್ದರೆ ಅದು ಅವನದ್ದು, ಅಥವಾ ಕತೆಯದ್ದು. ಬೆಳಿಗ್ಗೆ ಜೇನ್ ಪಾಠ ಹೇಳಿಕೊಡುವ ಪುಟ್ಟ ಅಡೆಲ್ ಓಡಿ ಬಂದು, ಸಿಡಿಲು ಬಡಿದು ಆ ಮರ ಅರ್ಧ ಸೀಳಿಹೋಯಿತು ಅಂತ ಸುದ್ದಿ ಹೇಳುವುದರೊಂದಿಗೆ ಅಧ್ಯಾಯ ಮುಗಿಯುತ್ತದೆ. ಮರದ ಬಗ್ಗೆ ಒಂದು ಮಾತೂ ವ್ಯಾಖ್ಯಾನ ಇಲ್ಲ. ಅದೇ ಸೊಗಸು.

ತಂಗಿಯ ಮಗಳು ಇದನ್ನೆಲ್ಲ ಕೇಳಿ, "ಹಾಗಾದರೆ ಇದು ಪೆಥೆಟಿಕ್ ಫ್ಯಾಲಸಿಯೇ ಅಲ್ಲವಾ?" ಅಂದಳು. ಒಳ್ಳೆಯ ಪ್ರಶ್ನೆ. ಮರ ನರಳಿತು ಅನ್ನುವ ಸಾಲು ಖಂಡಿತ ಹೌದು, ಮರಕ್ಕೆ ನರಳಲು ಬರುವುದಿಲ್ಲವಲ್ಲ. ಸಿಡಿಲು ಬಡಿದು ಸೀಳಿದ್ದು ಮಾತ್ರ ಬೇರೆ ಜಾತಿ. ಅಲ್ಲಿ ಭಾವನೆಯ ಆರೋಪ ಇಲ್ಲ, ಸಿಡಿಲು ಮರಕ್ಕೆ ನಿಜವಾಗಿಯೂ ಬಡಿಯುತ್ತದೆ. ನಮ್ಮ ತೋಟದ ಬದಿಯ ತೆಂಗಿನಮರಗಳನ್ನು ಕೇಳಿ ನೋಡಿ. ಅದು ಮುಂದೆ ಆಗುವುದರ ಸೂಚನೆ, ಅವರಿಬ್ಬರು ಬೇರೆಯಾಗುವುದರ ಸಂಕೇತ. ಎರಡನ್ನೂ ಒಂದೇ ಡಬ್ಬಿಗೆ ಹಾಕಿದರೆ ಉತ್ತರ ತಪ್ಪಾಗುವುದಿಲ್ಲ, ಆದರೆ ಮಸುಕಾಗುತ್ತದೆ.

ಮುಂದಿನ ಅಧ್ಯಾಯದ ಮೊದಲ ಪುಟ ಇನ್ನೂ ತಮಾಷೆ. ಬಿರುಗಾಳಿ ಹೋಗಿ ಜೂನ್‌ನ ಹೊಳೆಯುವ ಬೆಳಗಾಗಿದೆ. ನಾನು ಇಷ್ಟು ಸುಖವಾಗಿರುವಾಗ ಪ್ರಕೃತಿಯೂ ಖುಷಿಯಾಗಿರಲೇಬೇಕಲ್ಲ ಅಂತ ಜೇನ್ ಅಂದುಕೊಳ್ಳುತ್ತಾಳೆ. ರಸ್ಕಿನ್ ಹೇಳಿದ ಸುಳ್ಳು ಕಾಣುವಿಕೆ ಅಂದರೆ ಇದೇ. ಇಲ್ಲಿ ತಪ್ಪು ಲೇಖಕಿಯದ್ದಲ್ಲ, ಪಾತ್ರದ್ದು. ಬೆಳಗಿನ ಬಿಸಿಲನ್ನು ತನಗಾಗಿಯೇ ಬಂದದ್ದು ಅಂತ ಓದುವ ಹುಡುಗಿ, ರಾತ್ರಿಯ ಬಿರುಗಾಳಿಯನ್ನು ಓದಲೇ ಇಲ್ಲ. ಬೇಕಾದದ್ದನ್ನು ಮಾತ್ರ ಓದುವುದು ಪ್ರೀತಿಸಿದವರ ಅಭ್ಯಾಸ, ಏನು ಮಾಡುವುದು.

ಮಕ್ಕಳು ಎಡವುವ ಇನ್ನೊಂದು ಜಾಗ ಇಪ್ಪತ್ತಾರನೇ ಅಧ್ಯಾಯದಲ್ಲಿದೆ. ಮದುವೆ ಮುರಿದ ಮೇಲೆ ಜೇನ್, ನಡು ಬೇಸಿಗೆಯಲ್ಲಿ ಕ್ರಿಸ್‌ಮಸ್‌ನ ಹಿಮ ಬಿತ್ತು, ಜೂನ್ ಮೇಲೆ ಡಿಸೆಂಬರಿನ ಬಿಳಿ ಬಿರುಗಾಳಿ ಬೀಸಿತು ಅನ್ನುತ್ತಾಳೆ. ಇದನ್ನು ಹವಾಮಾನದ ಉದಾಹರಣೆ ಅಂತ ಕೊಡುವವರಿದ್ದಾರೆ. ಹೊರಗೆ ಹಿಮ ಎಲ್ಲಿದೆ? ಹಿಮ ಬಿದ್ದದ್ದು ಅವಳ ಮಾತಿನೊಳಗೆ. ಅದು ರೂಪಕ. ಕಂಡುಹಿಡಿಯುವ ದಾರಿ ಸುಲಭ: ಆ ಹೊತ್ತಿಗೆ ಅವಳ ಪಕ್ಕ ನಿಂತವನೂ ಆ ಹವೆಯಲ್ಲಿ ತೊಯ್ಯುತ್ತಿದ್ದನಾ, ನಡುಗುತ್ತಿದ್ದನಾ ಅಂತ ಕೇಳಿಕೊಂಡರೆ ಸಾಕು. ತೋಟದ ಮಳೆಗೆ ರಾಚೆಸ್ಟರ್ ಕೂಡ ತೊಯ್ದಿದ್ದ. ಈ ಹಿಮದಲ್ಲಿ ಬೇರೆ ಯಾರೂ ಇಲ್ಲ.

ಇಷ್ಟಾದ ಮೇಲೆ, ಮಳೆ ಅಂದರೆ ದುಃಖ ಅನ್ನುವ ಸಮೀಕರಣ ನಮಗೆ ಬಂದದ್ದಾದರೂ ಎಲ್ಲಿಂದ ಅನ್ನುವುದು ಒಂದು ತಲೆಹರಟೆ ಪ್ರಶ್ನೆ. ಗೈಡುಗಳಿಂದ, ಮತ್ತೆಲ್ಲಿಂದ. ನಮ್ಮ ಕಡೆ ಕಾದಂಬರಿ ಬರೆದು ಯಾರದ್ದಾದರೂ ಮನಸ್ಸು ಬೇಯುವುದನ್ನು ಹೇಳಬೇಕಾದರೆ ನಾನಂತೂ ಮಳೆ ತರಿಸುವುದಿಲ್ಲ, ಏಪ್ರಿಲ್ ಕೊನೆಯ ಮಧ್ಯಾಹ್ನವನ್ನೇ ತರಿಸುತ್ತೇನೆ. ಬಾವಿಯ ನೀರು ತಳ ಕಂಡಿರುತ್ತದೆ, ಗಾಳಿ ಇರುವುದಿಲ್ಲ, ಕರೆಂಟೂ ಇರುವುದಿಲ್ಲ. ಮಳೆ ಬಂದರೆ ಆ ಪಾತ್ರಕ್ಕೆ ಬಿಡುಗಡೆ. ಇಂಗ್ಲೆಂಡಿನಲ್ಲಿ ಬಿಸಿಲು ಅಪರೂಪ, ಹಾಗಾಗಿ ಬ್ರಾಂಟೆ ಸುಖಕ್ಕೆ ಇಟಲಿಯಿಂದ ದಿನಗಳನ್ನು ಕರೆಸಿದರು. ಇದನ್ನು ಉತ್ತರದಲ್ಲಿ ಬರೆಯಬೇಕಾಗಿಲ್ಲ. ಆದರೆ ಓದುವಾಗ ಕತೆ ನಡೆಯುವ ಊರಲ್ಲಿ ಬಿಸಿಲಿಗೆ ಬೆಲೆ ಎಷ್ಟು, ಮಳೆಗೆ ಎಷ್ಟು ಅಂತ ನೋಡದಿದ್ದರೆ ಮೊದಲ ವಾಕ್ಯದಲ್ಲೇ ದಾರಿ ತಪ್ಪುತ್ತದೆ.

ಕೊನೆಗೆ ಇಬ್ಬರೂ ಕೂತು ಉತ್ತರ ಕಟ್ಟಿದೆವು. ಅವಳು ಇಂಗ್ಲಿಷಿನಲ್ಲಿ ಬರೆದದ್ದರ ಸಾರ ಇಷ್ಟು: "ಜೇನ್ ಒಪ್ಪಿದ ಕೂಡಲೇ ತಿಳಿಯಾಗಿದ್ದ ಬೇಸಿಗೆಯ ರಾತ್ರಿ ಬಿರುಗಾಳಿಯಾಗುತ್ತದೆ. ಚೆಸ್ಟ್‌ನಟ್ ಮರ 'ಹೊರಳಾಡಿತು, ನರಳಿತು' ಅನ್ನುವಲ್ಲಿ ಲೇಖಕಿ ಮರಕ್ಕೆ ಮನುಷ್ಯರ ಸಂಕಟ ಕೊಟ್ಟಿದ್ದಾರೆ, ಇದೇ ಪೆಥೆಟಿಕ್ ಫ್ಯಾಲಸಿ. ಈ ಸಂಕಟ ಜೇನ್‌ಳ ಸಂತೋಷಕ್ಕೆ ವಿರುದ್ಧವಾಗಿರುವುದರಿಂದ, ರಾಚೆಸ್ಟರ್ ಮುಚ್ಚಿಟ್ಟ ತಪ್ಪಿನ ಕಡೆಗೆ ಅದು ಓದುಗರ ಅನುಮಾನವನ್ನು ತಿರುಗಿಸುತ್ತದೆ. ಮರ ಸೀಳುವುದು ಮುಂದಿನ ಅಗಲಿಕೆಯ ಸೂಚನೆ."

"ಎರಡು ಮಾರ್ಕಿಗೆ ಇದು ಜಾಸ್ತಿ ಮಾವ, ಒಂದು ವಾಕ್ಯ ತೆಗೆಯಬೇಕು" ಅಂದಳು. ಕೊನೆಯದ್ದು ತೆಗೆ ಅಂದೆ. ಮರ ಸೀಳಿದ್ದನ್ನು ಎಲ್ಲರೂ ಬರೆಯುತ್ತಾರೆ. ಮೂರನೆಯದ್ದನ್ನು ಮಾತ್ರ ಮುಟ್ಟಬೇಡ.

ಅವಳು ಮೊದಲನೆಯದ್ದನ್ನು ತೆಗೆದಳು. ಮರ ಸೀಳಿದ್ದು ಬಿಟ್ಟರೆ ಟೀಚರು ಮಾರ್ಕು ಕಡಿಮೆ ಮಾಡುತ್ತಾರಂತೆ.