ಟ್ರಾಫಿಕ್‌ನಲ್ಲಿ ಏರ್ ಕೂಲ್ಡ್ ಇಂಜಿನ್‌ಗೆ ಆಯಿಲೇ ಆಸರೆ

"10W-30 ಇಂಜಿನ್ ಆಯಿಲ್ ತೆಳು ಇರುತ್ತೆ, ಮೈಲೇಜ್ ಬರುತ್ತೆ, ಯಾವ ಬೈಕಿಗಾದ್ರೂ ಹಾಕಬಹುದು."

ಹೀಗನ್ನೋರ ಮಾತನ್ನ ನಾನು ಒಪ್ಪಲ್ಲ ಸರ್. ಲಿಕ್ವಿಡ್ ಕೂಲ್ಡ್‌ನಲ್ಲಿ ಬಿಸಿ ಜಾಸ್ತಿಯಾದ್ರೆ ರೇಡಿಯೇಟರ್ ಫ್ಯಾನ್ ಆನ್ ಆಗಿ ಟೆಂಪರೇಚರ್ ಹಿಡಿತದಲ್ಲಿರುತ್ತೆ, ಆಯಿಲ್ ಮೇಲೆ ಅಷ್ಟು ಹೊರೆ ಬೀಳಲ್ಲ. ಆದ್ರೆ ಏರ್ ಕೂಲ್ಡ್ ಬೈಕು ಜಾಮ್‌ನಲ್ಲಿ ನಿಂತ್ರೆ ಗಾಳಿನೇ ಇಲ್ಲ, ಆಯಿಲ್ ಕಾದು ಇನ್ನೂ ತೆಳುವಾಗುತ್ತೆ. ನನ್ನ ಹಳೇ ಏರ್ ಕೂಲ್ಡ್ 350 ಬೈಕಿಗೆ ಮ್ಯಾನ್ಯುಯಲ್‌ನಲ್ಲಿ 15W-50 ಅಂತಿದ್ರೂ ಒಮ್ಮೆ 10W-30 ಹಾಕ್ಸಿದ್ದೆ, ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಅರ್ಧ ಗಂಟೆಗೆ ಟ್ಯಾಪೆಟ್ ಸೌಂಡ್ ಜೋರಾಯ್ತು, ನ್ಯೂಟ್ರಲ್ ಬೀಳ್ತಾನೇ ಇರ್ಲಿಲ್ಲ, ಎರಡು ಸಾವಿರ ಕಿಲೋಮೀಟರಿಗೆ ಆಯಿಲ್ ಲೆವೆಲ್ಲೂ ಇಳಿದಿತ್ತು. ವಾಪಸ್ 15W-50 ಹಾಕಿದ್ಮೇಲೆ ಸರಿಹೋಯ್ತು. ಬಿಸಿಯಲ್ಲಿ ಎಷ್ಟು ದಪ್ಪ ಉಳಿಯುತ್ತೆ ಅನ್ನೋದು W ಆದ್ಮೇಲೆ ಬರೋ ಆ ಎರಡನೇ ನಂಬರ್, 100 ಡಿಗ್ರಿಯಲ್ಲಿ ಅಳೆಯೋದು. ಹಾಗಂತ ಏರ್ ಕೂಲ್ಡ್‌ಗೆಲ್ಲಾ 50 ಬೇಡ, ಆಕ್ಟಿವಾಗೆ ಒಳಗೇ ಫ್ಯಾನ್ ಇದೆ, ಕಂಪನಿನೇ 10W-30 ಹೇಳುತ್ತೆ.